ಜಾಲಕ ಶಕ್ತಿ ಮತ್ತು ಬೋರ್ನ್–ಹೇಬರ್ ಚಕ್ರ

ಅನಿಲ ಸ್ಥಿತಿಯಲ್ಲಿ ಪರಸ್ಪರ ಪ್ರಭಾವವೇ ಇಲ್ಲದಷ್ಟು ದೂರವಿರುವ ಧನ ಮತ್ತು ಋಣ ಅಯಾನುಗಳು ಒಟ್ಟುಗೂಡಿ ಒಂದು ಮೋಲ್ ಅಯಾನಿಕ ಘನವಾಗುವಾಗ ಬಿಡುಗಡೆಯಾಗುವ ಶಕ್ತಿಯೇ ಆ ಘನದ ಜಾಲಕ ಶಕ್ತಿ. ಅಡುಗೆ ಉಪ್ಪಿನ ಮಟ್ಟಿಗೆ ಇದು ಒಂದು ಮೋಲ್‌ಗೆ, ಅಂದರೆ ಸುಮಾರು 58.4 ಗ್ರಾಂ ಉಪ್ಪಿಗೆ, 787 ಕಿಲೋಜೂಲ್. ಈ ಶಕ್ತಿಯನ್ನು ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ. ಉಪ್ಪನ್ನು ಕಾಯಿಸಿ ಆವಿ ಮಾಡಿದರೆ ಮುಖ್ಯವಾಗಿ ಸಿಗುವುದು ಸೋಡಿಯಂ ಕ್ಲೋರೈಡಿನ ಅಣುಗಳು ಮತ್ತು ಅಣುಜೋಡಿಗಳೇ ಹೊರತು ಬಿಡಿಬಿಡಿಯಾದ ಅಯಾನುಗಳಲ್ಲ. ಹಾಗಾಗಿ ಅಳೆಯಲು ಬರುವ ಬೇರೆ ಐದು ಶಕ್ತಿಗಳಿಂದ ಇದನ್ನು ಲೆಕ್ಕ ಹಾಕಿ ತೆಗೆಯಬೇಕಾಗುತ್ತದೆ. ಆ ಲೆಕ್ಕದ ಕ್ರಮಕ್ಕೆ ಬೋರ್ನ್–ಹೇಬರ್ ಚಕ್ರ ಎಂದು ಹೆಸರು.

ಈ ಲೇಖನದ ಎಲ್ಲ ಅಂಕಿಗಳೂ ಒಂದು ಮೋಲ್‌ಗೆ ಕಿಲೋಜೂಲ್ ಲೆಕ್ಕದಲ್ಲಿವೆ. ಹೊರಬೀಳುವ ಶಕ್ತಿಗೆ ಋಣ ಚಿಹ್ನೆ, ಹೀರಿಕೊಳ್ಳುವ ಶಕ್ತಿಗೆ ಧನ ಚಿಹ್ನೆ ಹಾಕಿದೆ. ಘನವನ್ನು ಒಡೆದು ಅಯಾನುಗಳನ್ನಾಗಿಸಲು ಬೇಕಾದ ಶಕ್ತಿಯನ್ನೇ ಜಾಲಕ ಶಕ್ತಿ ಎನ್ನುವ ಪುಸ್ತಕಗಳೂ ಇವೆ. ಅಲ್ಲಿ ಬೆಲೆ ಅದೇ, ಚಿಹ್ನೆ ಮಾತ್ರ ತಿರುಗುಮುರುಗು. ಸ್ಥಿರ ಒತ್ತಡದಲ್ಲಿ ಅಳೆದ ಜಾಲಕ ಎಂಥಾಲ್ಪಿಗೂ ಜಾಲಕ ಶಕ್ತಿಗೂ ಇರುವ ವ್ಯತ್ಯಾಸ ಕೋಣೆಯ ಉಷ್ಣತೆಯಲ್ಲಿ ಸುಮಾರು 5 ಕಿಲೋಜೂಲ್ ಅಷ್ಟೆ. ಚಕ್ರದಿಂದ ಸಿಗುವುದು ಎಂಥಾಲ್ಪಿ.

ಹಿನ್ನೆಲೆ

ಚಕ್ರದ ತಳಪಾಯ 1840ರಲ್ಲಿ ಜರ್ಮೇನ್ ಹೆಸ್ ಪ್ರಕಟಿಸಿದ ನಿಯಮ. ಒಂದು ರಾಸಾಯನಿಕ ಬದಲಾವಣೆ ಯಾವ ದಾರಿಯಲ್ಲಿ ನಡೆದರೂ ಆರಂಭ ಮತ್ತು ಅಂತ್ಯದ ಸ್ಥಿತಿಗಳು ಅವೇ ಆಗಿದ್ದರೆ ಒಟ್ಟು ಶಾಖದ ಲೆಕ್ಕ ಬದಲಾಗದು ಎಂಬುದು ಅದರ ಸಾರ. ಆದ್ದರಿಂದ ನಿಜವಾಗಿ ನಡೆಯದ ದಾರಿಯೊಂದನ್ನು ಕಾಗದದ ಮೇಲೆ ಕಲ್ಪಿಸಿಕೊಂಡು ಅದರ ಹಂತಗಳನ್ನು ಕೂಡಿಸಿದರೂ ಉತ್ತರ ಸರಿಯಾಗಿಯೇ ಬರುತ್ತದೆ.

ಸ್ಫಟಿಕಗಳಿಗೆ ಈ ನಿಯಮ ಬಳಕೆಯಾಗಲು ಎಂಬತ್ತು ವರ್ಷ ಹಿಡಿಯಿತು. 1918ರಲ್ಲಿ ಮ್ಯಾಕ್ಸ್ ಬೋರ್ನ್ ಮತ್ತು ಆಲ್ಫ್ರೆಡ್ ಲಾಂಡೆ, ಅಯಾನುಗಳ ವಿದ್ಯುತ್ ಸೆಳೆತ ಮತ್ತು ತೀರ ಹತ್ತಿರದಲ್ಲಿ ಹುಟ್ಟುವ ವಿಕರ್ಷಣೆ ಇವೆರಡರಿಂದಲೇ ಜಾಲಕ ಶಕ್ತಿಯನ್ನು ಲೆಕ್ಕಿಸುವ ಸೂತ್ರ ಕೊಟ್ಟರು. ಸೂತ್ರ ಸರಿಯೇ ಎಂದು ನೋಡಲು ಪ್ರಯೋಗದಿಂದ ಬಂದ ಅಂಕಿಯೊಂದು ಬೇಕಿತ್ತು. 1919ರಲ್ಲಿ ಬೋರ್ನ್, ಕಾಸಿಮಿರ್ ಫಾಯನ್ಸ್ ಮತ್ತು ಫ್ರಿಟ್ಸ್ ಹೇಬರ್ ಆ ದಿಕ್ಕಿನಲ್ಲಿ ಬೇರೆ ಬೇರೆಯಾಗಿ ಬರೆದರು. ಹಂತಗಳನ್ನು ಬಾಣಗಳ ಚಿತ್ರವಾಗಿ ಜೋಡಿಸಿದವರು ಹೇಬರ್. ಫಾಯನ್ಸರ ಪಾಲೂ ಇದ್ದರೂ ಹೆಸರಿನಲ್ಲಿ ಉಳಿದದ್ದು ಉಳಿದಿಬ್ಬರು ಮಾತ್ರ.

ಬೋರ್ನ್ ಅವರಿಗೆ ಕರ್ನಾಟಕದ ನಂಟೂ ಇದೆ. ನಾತ್ಸಿ ಆಡಳಿತದಿಂದಾಗಿ ಜರ್ಮನಿ ಬಿಟ್ಟ ಮೇಲೆ, ಸಿ. ವಿ. ರಾಮನ್ ಅವರ ಆಹ್ವಾನದಂತೆ 1935–36ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಇದ್ದರು.

ಚಕ್ರದ ರಚನೆ

ಸೋಡಿಯಂ ಲೋಹ ಮತ್ತು ಕ್ಲೋರಿನ್ ಅನಿಲ ಸೇರಿ ಉಪ್ಪಾಗುವ ಕ್ರಿಯೆಗೆ ಎರಡು ದಾರಿಗಳನ್ನು ಯೋಚಿಸಬಹುದು. ಮೊದಲನೆಯದು ನೇರ ದಾರಿ: ಎರಡೂ ಧಾತುಗಳು ಒಮ್ಮೆಗೇ ಸೇರಿ ಘನ ಉಪ್ಪಾಗುತ್ತವೆ. ಎರಡನೆಯದು ಸುತ್ತು ದಾರಿ: ಧಾತುಗಳನ್ನು ಮೊದಲು ಬಿಡಿ ಪರಮಾಣುಗಳನ್ನಾಗಿ, ಆಮೇಲೆ ಬಿಡಿ ಅಯಾನುಗಳನ್ನಾಗಿ ಮಾಡಿ, ಕೊನೆಗೆ ಅವನ್ನು ಸ್ಫಟಿಕವಾಗಿ ಕೂಡಿಸುವುದು. ಸುತ್ತು ದಾರಿಯ ಕೊನೆಯ ಹಂತವೇ ಜಾಲಕ ಶಕ್ತಿ. ಮಿಕ್ಕ ಹಂತಗಳೆಲ್ಲ ಗೊತ್ತಿರುವುದರಿಂದ ಇದೊಂದು ತಾನಾಗಿ ಹೊರಬರುತ್ತದೆ.

ಮೊದಲ ಹಂತ ಉತ್ಪತನ. ಘನ ಸೋಡಿಯಂ ಒಂದು ಮೋಲ್‌ನಷ್ಟು ಬಿಡಿ ಪರಮಾಣುಗಳ ಆವಿಯಾಗಲು +107.3 ಬೇಕು. ಬೇರೆ ಬೇರೆ ಉಷ್ಣತೆಗಳಲ್ಲಿ ಲೋಹದ ಆವಿ ಒತ್ತಡವನ್ನು ಅಳೆದು ಈ ಅಂಕಿಯನ್ನು ತೆಗೆಯುತ್ತಾರೆ. ಎರಡನೆಯದು ಅಯಾನೀಕರಣ. ಪ್ರತಿ ಸೋಡಿಯಂ ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತು ತೆಗೆಯಲು +495.8. ಇದು ಸೋಡಿಯಂ ರೋಹಿತದ ಗೆರೆಗಳು ಒತ್ತೊತ್ತಾಗಿ ಸೇರುವ ಮಿತಿಯಿಂದ ಬಹಳ ನಿಖರವಾಗಿ ಸಿಗುತ್ತದೆ. ಮೂರನೆಯದು ಬಂಧದ ವಿಘಟನೆ. ಒಂದು ಮೋಲ್ ಉಪ್ಪಿಗೆ ಒಂದೇ ಮೋಲ್ ಕ್ಲೋರಿನ್ ಪರಮಾಣುಗಳು ಸಾಕು, ಅಂದರೆ ಅರ್ಧ ಮೋಲ್ Cl₂. ಆದ್ದರಿಂದ ಪೂರ್ಣ ಬಂಧ ಶಕ್ತಿಯಾದ 242.6ರ ಅರ್ಧ, +121.3. ವಿದ್ಯಾರ್ಥಿಗಳ ಲೆಕ್ಕ ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಉತ್ತರ ಸರಿಯಾದ ಬೆಲೆಗಿಂತ ಸರಿಯಾಗಿ 121ರಷ್ಟು ಆಚೀಚೆ ಬಂದರೆ ಅರ್ಧ ಮಾಡುವುದು ಮರೆತಿದೆ ಎಂದು ತಿಳಿಯಬಹುದು.

ನಾಲ್ಕನೆಯದು ಎಲೆಕ್ಟ್ರಾನ್ ಗಳಿಕೆ. ಕ್ಲೋರಿನ್ ಪರಮಾಣು ಒಂದು ಎಲೆಕ್ಟ್ರಾನನ್ನು ಸೇರಿಸಿಕೊಂಡಾಗ 348.6 ಕಿಲೋಜೂಲ್ ಹೊರಬೀಳುತ್ತದೆ, ಚಿಹ್ನೆ ಸಮೇತ −348.6. ಇಲ್ಲಿಗೆ ನಾಲ್ಕು ಹಂತಗಳ ಮೊತ್ತ +375.8. ಸೋಡಿಯಂ ತನ್ನ ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಖುಷಿಯಿಂದ ಕೊಟ್ಟುಬಿಡುತ್ತದೆ ಎಂಬ ಶಾಲಾ ವಿವರಣೆಗೆ ಈ ಅಂಕಿ ಪೆಟ್ಟು ಕೊಡುತ್ತದೆ. ಎಲೆಕ್ಟ್ರಾನ್ ವರ್ಗಾವಣೆಯೊಂದನ್ನೇ ತೆಗೆದುಕೊಂಡರೂ ಅದು ನಷ್ಟದ ವ್ಯವಹಾರ: ಕೊಡುವುದಕ್ಕೆ 495.8 ಖರ್ಚು, ಪಡೆಯುವುದರಿಂದ ಬರುವುದು 348.6. ಉಪ್ಪು ಉಂಟಾಗುವುದು ವರ್ಗಾವಣೆಯ ಬಲದಿಂದಲ್ಲ, ಆಮೇಲೆ ಅಯಾನುಗಳು ಸ್ಫಟಿಕವಾಗಿ ಕೂಡುವುದರಿಂದ.

ಇನ್ನು ನೇರ ದಾರಿಯ ಶಾಖ, ಅಂದರೆ ಉಪ್ಪಿನ ರಚನೆಯ ಎಂಥಾಲ್ಪಿ, ಕ್ಯಾಲೊರಿಮೀಟರ್ ಅಳತೆಗಳಿಂದ −411.2 ಎಂದು ಗೊತ್ತಿದೆ. ಎರಡೂ ದಾರಿಗಳ ಮೊತ್ತ ಒಂದೇ ಆಗಬೇಕು:

−411.2 = 107.3 + 495.8 + 121.3 − 348.6 + ಜಾಲಕ ಎಂಥಾಲ್ಪಿ

ಜಾಲಕ ಎಂಥಾಲ್ಪಿ = −411.2 − 375.8 = −787.0

ಅಯಾನೀಕರಣ ಮತ್ತು ಎಲೆಕ್ಟ್ರಾನ್ ಗಳಿಕೆಯ ಅಂಕಿಗಳು ಮೂಲತಃ ಸೊನ್ನೆ ಕೆಲ್ವಿನ್‌ಗೆ ಸೇರಿದವು, ಉಳಿದವು 298 ಕೆಲ್ವಿನ್‌ಗೆ. ಇವುಗಳನ್ನು ಬೆರೆಸಬಹುದೇ ಎಂಬ ಸಂದೇಹ ನ್ಯಾಯವಾದದ್ದೇ. ಬಿಡುಗಡೆಯಾದ ಎಲೆಕ್ಟ್ರಾನಿಗೆ ಸುಮಾರು 6 ಕಿಲೋಜೂಲ್ ತಿದ್ದುಪಡಿ ಬೇಕಾಗುತ್ತದೆ. ಆದರೆ ಒಂದು ಹಂತದಲ್ಲಿ ಕೂಡಿದ್ದು ಇನ್ನೊಂದರಲ್ಲಿ ಕಳೆಯುವುದರಿಂದ ತಿದ್ದುಪಡಿಗಳು ವಜಾ ಆಗಿಬಿಡುತ್ತವೆ.

ಎಲೆಕ್ಟ್ರಾನ್ ಗಳಿಕೆಯ ಕಗ್ಗಂಟು

1919ರಲ್ಲಿ ಐದು ಅಂಕಿಗಳಲ್ಲಿ ಒಂದು ಸಿಕ್ಕಿರಲಿಲ್ಲ. ಕ್ಲೋರಿನ್‌ನ ಎಲೆಕ್ಟ್ರಾನ್ ಗಳಿಕೆಯನ್ನು ಅಳೆಯುವ ಉಪಾಯ ಆಗ ಇರಲಿಲ್ಲ. ಹಾಗಾಗಿ ಚಕ್ರವನ್ನು ಮೊದಲು ಓಡಿಸಿದ್ದು ಹಿಮ್ಮುಖವಾಗಿ: ಜಾಲಕ ಶಕ್ತಿಯನ್ನು ಬೋರ್ನ್–ಲಾಂಡೆ ಸೂತ್ರದಿಂದ ತೆಗೆದುಕೊಂಡು ಎಲೆಕ್ಟ್ರಾನ್ ಗಳಿಕೆಯನ್ನು ಕಂಡುಹಿಡಿಯುವುದು. ಒಂದೇ ಕ್ಲೋರಿನ್ ಬೇರೆ ಬೇರೆ ಲೋಹಗಳೊಡನೆ ಸೇರಿದ ಲವಣಗಳೆಲ್ಲ ಒಂದೇ ಉತ್ತರ ಕೊಟ್ಟರೆ ಸೂತ್ರಕ್ಕೆ ಬಲ ಬಂದಂತೆ.

ಇಂದಿನ ಅಂಕಿಗಳನ್ನೇ ಹಾಕಿ ಆ ಪರೀಕ್ಷೆಯನ್ನು ಮತ್ತೆ ಮಾಡಿ ನೋಡಬಹುದು. ಬೋರ್ನ್–ಲಾಂಡೆ ಸೂತ್ರಕ್ಕೆ ಮೂರು ವಿಷಯ ಬೇಕು. ಒಂದು, ಪಕ್ಕಪಕ್ಕದ ಅಯಾನುಗಳ ನಡುವಿನ ದೂರ. ಇದು ಎಕ್ಸ್–ಕಿರಣಗಳಿಂದ ಸಿಗುತ್ತದೆ. ಇನ್ನೊಂದು, ಸ್ಫಟಿಕದ ಜೋಡಣೆಯನ್ನು ಸೂಚಿಸುವ ಮಾಡೆಲುಂಗ್ ಸ್ಥಿರಾಂಕ. ಉಪ್ಪಿನ ಬಗೆಯ ಜೋಡಣೆಗೆ ಇದು 1.7476. ಮತ್ತೊಂದು, ವಿಕರ್ಷಣೆ ಎಷ್ಟು ಬೇಗ ಏರುತ್ತದೆ ಎನ್ನುವ ಘಾತಾಂಕ. ಸೋಡಿಯಂ ಕ್ಲೋರೈಡಿಗೆ ದೂರ 282 ಪಿಕೋಮೀಟರ್, ಘಾತಾಂಕ 8 ಎಂದಿಟ್ಟರೆ ಜಾಲಕ ಶಕ್ತಿ −753 ಬರುತ್ತದೆ. ಪೊಟ್ಯಾಸಿಯಂ ಕ್ಲೋರೈಡಿಗೆ 315 ಪಿಕೋಮೀಟರ್ ಮತ್ತು 9 ಹಾಕಿದರೆ −685. ಇವನ್ನು ಚಕ್ರದೊಳಗೆ ಇಟ್ಟಾಗ ಕ್ಲೋರಿನ್‌ನ ಎಲೆಕ್ಟ್ರಾನ್ ಗಳಿಕೆ ಮೊದಲನೆಯದರಿಂದ −382, ಎರಡನೆಯದರಿಂದ −380.

ಎರಡು ಲವಣಗಳ ಸಾಕ್ಷ್ಯ ಇಷ್ಟು ಚೆನ್ನಾಗಿ ಹೊಂದುವುದು ನೋಡಲು ಚಂದ. ಆದರೂ ಎರಡೂ ತಪ್ಪು. ನಿಜವಾದ ಬೆಲೆ −348.6. ಸೂತ್ರ ಎರಡೂ ಕಡೆ ಜಾಲಕ ಶಕ್ತಿಯನ್ನು ಸುಮಾರು 30ರಷ್ಟು ಕಡಿಮೆ ಹೇಳಿತು, ಆ ಕೊರತೆಯಷ್ಟೂ ಎಲೆಕ್ಟ್ರಾನ್ ಗಳಿಕೆಯ ಖಾತೆಗೆ ಜಮೆಯಾಯಿತು. ಚಕ್ರದ ಸ್ವಭಾವವೇ ಹಾಗೆ. ಐದು ಹಂತಗಳಲ್ಲಿ ಎಲ್ಲಿ ತಪ್ಪಿದ್ದರೂ ಅದು ಅಡಗುವುದು ಲೆಕ್ಕದಿಂದ ತೆಗೆದ ಆರನೆಯದರಲ್ಲಿ. ಫಲಿತಾಂಶಗಳು ಒಂದಕ್ಕೊಂದು ಹೊಂದಿದವೆಂಬ ಮಾತ್ರಕ್ಕೆ ಅವು ಸರಿ ಎನ್ನುವಂತಿಲ್ಲ. ಒಂದು ಸ್ವತಂತ್ರ ಅಳತೆ ಬೇಕು.

ಅದು ಸಾಕಷ್ಟು ತಡವಾಗಿ ಬಂತು. 1963ರಲ್ಲಿ ಬೆರ್ರಿ ಮತ್ತು ರೈಮನ್ ಹ್ಯಾಲೊಜನ್ ಋಣ ಅಯಾನುಗಳು ಬೆಳಕನ್ನು ಹೀರುವ ರೋಹಿತದಿಂದ ಎಲೆಕ್ಟ್ರಾನ್ ಗಳಿಕೆಯ ನಿಖರ ಬೆಲೆಗಳನ್ನು ಪ್ರಕಟಿಸಿದರು. ಆಮೇಲಿನ ಲೇಸರ್ ವಿಧಾನದಲ್ಲಿ ಋಣ ಅಯಾನಿನ ಮೇಲೆ ಬೆಳಕು ಬಿಟ್ಟು, ಎಲೆಕ್ಟ್ರಾನ್ ಕಳಚಿಕೊಳ್ಳಲು ತೊಡಗುವ ಶಕ್ತಿಯನ್ನು ಅಳೆಯುತ್ತಾರೆ. ಕ್ಲೋರಿನ್‌ಗೆ ಅದು 3.613 ಎಲೆಕ್ಟ್ರಾನ್ ವೋಲ್ಟ್. ಸೂತ್ರದ ಕಡೆಯ ಕೊರತೆಯನ್ನು ತುಂಬುವ ಕೆಲಸ ಅದಕ್ಕೂ ಮೊದಲೇ ನಡೆದಿತ್ತು. 1932ರಲ್ಲಿ ಬೋರ್ನ್ ಮತ್ತು ಜೋಸೆಫ್ ಮೇಯರ್ ವಿಕರ್ಷಣೆಗೆ ಬೇರೆ ಗಣಿತ ರೂಪ ಕೊಟ್ಟರು. ಅಯಾನುಗಳ ಎಲೆಕ್ಟ್ರಾನ್ ಮೋಡಗಳ ನಡುವಿನ ದುರ್ಬಲ ಆಕರ್ಷಣೆಯನ್ನೂ ಸ್ಫಟಿಕದ ಶೂನ್ಯಬಿಂದು ಕಂಪನವನ್ನೂ ಸೇರಿಸಿದ ಮೇಲೆ ಕ್ಷಾರ ಲೋಹಗಳ ಹ್ಯಾಲೈಡುಗಳಲ್ಲಿ ಅಂತರ ಬಹಳಷ್ಟು ತಗ್ಗಿತು.

ಬೇರೆ ಬಗೆಯ ಲವಣಗಳು

ಅಯಾನಿನ ವಿದ್ಯುದಂಶ ಒಂದಕ್ಕಿಂತ ಹೆಚ್ಚಾದಾಗ ಚಕ್ರಕ್ಕೆ ಹಂತಗಳು ಸೇರುತ್ತವೆ. ಮೆಗ್ನೀಸಿಯಂ ಕ್ಲೋರೈಡ್ ಇದಕ್ಕೆ ಒಳ್ಳೆಯ ಮಾದರಿ. ಮೆಗ್ನೀಸಿಯಂನ ಉತ್ಪತನಕ್ಕೆ 147, ಮೊದಲ ಎಲೆಕ್ಟ್ರಾನ್ ತೆಗೆಯಲು 738, ಎರಡನೆಯದಕ್ಕೆ 1451 ಬೇಕು. ಎರಡು ಕ್ಲೋರಿನ್ ಪರಮಾಣುಗಳು ಬೇಕಾದ್ದರಿಂದ ಇಲ್ಲಿ Cl₂ ಬಂಧದ ಪೂರ್ಣ 243 ಲೆಕ್ಕಕ್ಕೆ ಬರುತ್ತದೆ, ಎಲೆಕ್ಟ್ರಾನ್ ಗಳಿಕೆ ಎರಡು ಪಾಲು, −697. ಮೊತ್ತ +1882. ರಚನೆಯ ಎಂಥಾಲ್ಪಿ −641 ಆಗಿರುವುದರಿಂದ ಜಾಲಕ ಎಂಥಾಲ್ಪಿ −2523. ಅಡುಗೆ ಉಪ್ಪಿನದಕ್ಕಿಂತ ಇದು ಮೂರು ಪಟ್ಟಿಗೂ ಹೆಚ್ಚು.

ಎರಡನೆಯ ಎಲೆಕ್ಟ್ರಾನಿಗೆ 1451 ಖರ್ಚು ಮಾಡುವ ಬದಲು ಮೆಗ್ನೀಸಿಯಂ ಒಂದರಲ್ಲೇ ನಿಂತು MgCl ಆಗಬಾರದಿತ್ತೇ? ಅಂಥ ಘನ ಯಾರ ಕೈಗೂ ಸಿಗದಿದ್ದರೂ ಅದರ ಜಾಲಕ ಶಕ್ತಿಯನ್ನು ಸೂತ್ರದಿಂದ ಅಂದಾಜು ಮಾಡಬಹುದು. ಅಡುಗೆ ಉಪ್ಪಿನ ಆಸುಪಾಸಿನಲ್ಲೇ ಇದ್ದೀತು ಎಂದು −750 ಹಿಡಿದರೆ, ಅದರ ರಚನೆಯ ಎಂಥಾಲ್ಪಿ ಸುಮಾರು −90 ಬರುತ್ತದೆ. ಚಿಹ್ನೆ ಋಣವೇ. ಅಂದರೆ ಧಾತುಗಳಿಗೆ ಹೋಲಿಸಿದರೆ MgCl ಸ್ಥಿರ ವಸ್ತು. ಅದು ಉಳಿಯದಿರಲು ಕಾರಣ ಬೇರೆ: ಎರಡು ಮೋಲ್ MgCl ಒಡೆದು ಒಂದು ಮೋಲ್ ಮೆಗ್ನೀಸಿಯಂ ಲೋಹ ಮತ್ತು ಒಂದು ಮೋಲ್ MgCl₂ ಆದರೆ ಸುಮಾರು 460 ಕಿಲೋಜೂಲ್ ಹೊರಬೀಳುತ್ತದೆ. ಎದುರಿಗೆ ಇಷ್ಟು ಇಳಿಜಾರಿದ್ದಾಗ MgCl ಘನವಾಗಿ ನಿಲ್ಲುವುದಿಲ್ಲ.

NaCl₂ ಕಥೆ ಇನ್ನೂ ನೇರ. ಸೋಡಿಯಂನ ಎರಡನೆಯ ಎಲೆಕ್ಟ್ರಾನ್ ಒಳಗಿನ ಭರ್ತಿಯಾದ ಕವಚದಿಂದ ಬರಬೇಕು, ಅದಕ್ಕೆ 4562 ಬೇಕು. MgCl₂ನಷ್ಟೇ ಜಾಲಕ ಶಕ್ತಿಯನ್ನು ಅದಕ್ಕೂ ಕೊಟ್ಟರೂ ರಚನೆಯ ಎಂಥಾಲ್ಪಿ +2190ರ ಸುತ್ತ ನಿಲ್ಲುತ್ತದೆ. ಲವಣಗಳ ಸೂತ್ರಗಳಲ್ಲಿ ಕಾಣುವ ವೇಲೆನ್ಸಿಯ ಶಿಸ್ತು ಹೀಗೆ ಎರಡು ದೊಡ್ಡ ಅಂಕಿಗಳ ಪೈಪೋಟಿಯಿಂದ ಬಂದದ್ದು; ಭರ್ತಿಯಾದ ಕವಚದ ಬಗ್ಗೆ ಪರಮಾಣುವಿಗೆ ಯಾವ ವಿಶೇಷ ಮಮಕಾರವೂ ಇಲ್ಲ.

ಆಕ್ಸೈಡುಗಳಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ಆಕ್ಸಿಜನ್ ಪರಮಾಣು ಮೊದಲ ಎಲೆಕ್ಟ್ರಾನನ್ನು ಪಡೆದಾಗ 141 ಹೊರಬೀಳುತ್ತದೆ. ಆದರೆ ಈಗಾಗಲೇ ಋಣ ವಿದ್ಯುದಂಶವಿರುವ O⁻ ಎರಡನೆಯ ಎಲೆಕ್ಟ್ರಾನನ್ನು ದೂರ ತಳ್ಳುತ್ತದೆ. ಅದನ್ನು ಬಲವಂತವಾಗಿ ಸೇರಿಸಲು 700ಕ್ಕೂ ಹೆಚ್ಚು ಬೇಕು. ಬಿಡಿಯಾದ O²⁻ ಅನಿಲದಲ್ಲಿ ಉಳಿಯುವುದೇ ಇಲ್ಲವಾದ್ದರಿಂದ ಈ ಅಂಕಿಯನ್ನು ಯಾವ ಲೇಸರಿನಿಂದಲೂ ಅಳೆಯಲಾಗದು. ಅದನ್ನು ತೆಗೆಯುವುದು ಸೂತ್ರದ ಜಾಲಕ ಶಕ್ತಿಯನ್ನು ಚಕ್ರದೊಳಗಿಟ್ಟು. ಹೀಗೆ ಪಡೆದ ಅಂಕಿಯನ್ನೇ ಹಾಕಿ ಮೆಗ್ನೀಸಿಯಂ ಆಕ್ಸೈಡಿನ ಜಾಲಕ ಶಕ್ತಿ ಸುಮಾರು −3800 ಎಂದು 'ಪ್ರಯೋಗದಿಂದ' ಸಿಕ್ಕಿತೆಂದು ಬರೆದರೆ, ಹೊರಟಲ್ಲಿಗೇ ಮರಳಿ ಬಂದಂತೆ. ಬೇರೆ ಬೇರೆ ಕೋಷ್ಟಕಗಳಲ್ಲಿ ಆಕ್ಸೈಡುಗಳ ಬೆಲೆಗಳು ಹತ್ತಾರು ಕಿಲೋಜೂಲ್ ವ್ಯತ್ಯಾಸ ತೋರುವುದಕ್ಕೆ ಮುಖ್ಯ ಕಾರಣ ಇದು.

ಬಳಕೆಗಳು

ಎಲ್ಲ ಹಂತಗಳೂ ಸ್ವತಂತ್ರವಾಗಿ ಅಳೆದವಾಗಿದ್ದರೆ ಚಕ್ರ ಒಂದು ಪರೀಕ್ಷಾ ಸಾಧನವಾಗುತ್ತದೆ. ಬೋರ್ನ್–ಲಾಂಡೆ ಸೂತ್ರ ಅಯಾನುಗಳನ್ನು ವಿದ್ಯುದಂಶ ಹೊತ್ತ ಗೋಲಿಗಳೆಂದು ಎಣಿಸುತ್ತದೆ. ಚಕ್ರಕ್ಕೆ ಅಂಥ ಕಲ್ಪನೆ ಬೇಡ. ಬಂಧದ ಸ್ವರೂಪ ಏನೇ ಇರಲಿ, ಅದು ಒಟ್ಟು ಶಕ್ತಿಯನ್ನು ಹೇಳುತ್ತದೆ. ಇವೆರಡರ ಅಂತರ ದೊಡ್ಡದಾದರೆ ಗೋಲಿಗಳ ಚಿತ್ರ ಆ ಘನಕ್ಕೆ ಒಪ್ಪುವುದಿಲ್ಲ.

ಬೆಳ್ಳಿಯ ಕ್ಲೋರೈಡ್ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಅದರ ಸ್ಫಟಿಕ ಜೋಡಣೆ ಅಡುಗೆ ಉಪ್ಪಿನದೇ, ಅಯಾನುಗಳ ನಡುವಿನ ದೂರವೂ ಹತ್ತಿರಹತ್ತಿರ, 277 ಪಿಕೋಮೀಟರ್. ಘಾತಾಂಕ 9.5 ಎಂದಿಟ್ಟು ಸೂತ್ರ ಹಾಕಿದರೆ −784. ಚಕ್ರದ ಕಡೆಯಿಂದ ನೋಡಿದರೆ ಬೆಳ್ಳಿಯ ಉತ್ಪತನಕ್ಕೆ 285, ಅಯಾನೀಕರಣಕ್ಕೆ 731, ಕ್ಲೋರಿನ್‌ನ ಎರಡು ಹಂತಗಳು ಮೊದಲಿನಂತೆಯೇ, ರಚನೆಯ ಎಂಥಾಲ್ಪಿ −127. ಇವುಗಳಿಂದ ಬರುವುದು −916. ಅಂತರ 132. ಸೋಡಿಯಂ ಮತ್ತು ಪೊಟ್ಯಾಸಿಯಂ ಕ್ಲೋರೈಡುಗಳಲ್ಲಿ ಇದು 30ರ ಆಸುಪಾಸಿನಲ್ಲಿತ್ತು. ಹೆಚ್ಚಿನ ನೂರು ಕಿಲೋಜೂಲ್ ಬರುವುದು ಬೆಳ್ಳಿ ಮತ್ತು ಕ್ಲೋರಿನ್ ಎಲೆಕ್ಟ್ರಾನ್‌ಗಳನ್ನು ಭಾಗಶಃ ಹಂಚಿಕೊಳ್ಳುವುದರಿಂದ ಮತ್ತು ಬೆಳ್ಳಿ ಅಯಾನಿನ ಹತ್ತು d–ಎಲೆಕ್ಟ್ರಾನ್‌ಗಳ ಮೋಡ ಸುಲಭವಾಗಿ ವಿರೂಪಗೊಳ್ಳುವುದರಿಂದ. ನೀರಿನಲ್ಲಿ ಉಪ್ಪು ಕರಗಿ ಬೆಳ್ಳಿಯ ಕ್ಲೋರೈಡ್ ತಳಕ್ಕಿಳಿಯುವುದಕ್ಕೂ ಈ ಹೆಚ್ಚುವರಿ ಬಿಗಿತಕ್ಕೂ ಸಂಬಂಧವಿದೆ.

ಹೊಸ ವಸ್ತುವಿನ ಸಾಧ್ಯತೆಯನ್ನು ಮೊದಲೇ ಅಂದಾಜಿಸಲು ಇದೇ ತರ್ಕ ನೆರವಾಗುತ್ತದೆ. ನೀಲ್ ಬಾರ್ಟ್ಲೆಟ್ ಆಕ್ಸಿಜನ್ ಅಣುವಿನಿಂದಲೇ ಎಲೆಕ್ಟ್ರಾನ್ ಕಿತ್ತುಕೊಳ್ಳುವ ಪ್ಲಾಟಿನಂ ಹೆಕ್ಸಾಫ್ಲೋರೈಡನ್ನು ಬಳಸಿ ಒಂದು ಅಯಾನಿಕ ಘನವನ್ನು ಪಡೆದಿದ್ದರು. ಆಕ್ಸಿಜನ್ ಅಣುವಿನ ಅಯಾನೀಕರಣ ಶಕ್ತಿ ಸುಮಾರು 1165, ಕ್ಸೆನಾನ್‌ನದು 1170. ಎರಡರ ಅಯಾನುಗಳ ಗಾತ್ರವೂ ಹತ್ತಿರ ಇರುವುದರಿಂದ ಜಾಲಕ ಶಕ್ತಿಯಲ್ಲೂ ಹೆಚ್ಚು ವ್ಯತ್ಯಾಸ ಬರಲಾರದು ಎಂಬ ಎಣಿಕೆ ಸಹಜವಾಗಿತ್ತು. 1962ರಲ್ಲಿ ಅವರು ಕ್ಸೆನಾನ್ ಜೊತೆ ಪ್ರಯೋಗ ಮಾಡಿದಾಗ ಹಳದಿ–ಕಿತ್ತಳೆ ಬಣ್ಣದ ಘನ ಸಿಕ್ಕಿತು. ಜಡವೆಂದು ನಂಬಿದ್ದ ಅನಿಲವೊಂದರ ಮೊದಲ ಸಂಯುಕ್ತ ಅದು. ಆ ಘನದ ನಿಜವಾದ ಸಂಯೋಜನೆ ಆರಂಭದಲ್ಲಿ ಬರೆದ XePtF₆ ಎಂಬ ಸೂತ್ರಕ್ಕಿಂತ ಜಟಿಲವಾದದ್ದೆಂದು ಆಮೇಲೆ ತಿಳಿಯಿತು.

ಇಂದಿನ ಸ್ಥಿತಿ

ಸರಳ ಹ್ಯಾಲೈಡುಗಳಲ್ಲಿ ಈಗ ಚಕ್ರದ ಎಲ್ಲ ಹಂತಗಳೂ ಒಂದೆರಡು ಕಿಲೋಜೂಲ್‌ಗಳ ಒಳಗಿನ ನಿಖರತೆಯಲ್ಲಿ ಗೊತ್ತಿವೆ. ಸಲ್ಫೇಟ್, ನೈಟ್ರೇಟ್‌ಗಳಂಥ ಬಹುಪರಮಾಣು ಅಯಾನುಗಳಲ್ಲಿ ಪರಿಸ್ಥಿತಿ ಹಾಗಿಲ್ಲ, ಏಕೆಂದರೆ ಆ ಅಯಾನುಗಳ ಅನಿಲ ಸ್ಥಿತಿಯ ಶಕ್ತಿಯನ್ನು ತಿಳಿಯುವುದೇ ಕಷ್ಟ. ಅಲ್ಲಿ ಸ್ಫಟಿಕದ ಜೋಡಣೆ ತಿಳಿಯದಿದ್ದರೂ ಅಯಾನುಗಳ ತ್ರಿಜ್ಯದಿಂದ ಅಂದಾಜು ಕೊಡುವ ಕಪುಸ್ಟಿನ್ಸ್ಕಿ ಸಮೀಕರಣ, ಸೂತ್ರ ಘಟಕದ ಗಾತ್ರವನ್ನೇ ಆಧರಿಸಿದ ಹೊಸ ಸಮೀಕರಣಗಳು ಮತ್ತು ಕ್ವಾಂಟಂ ಲೆಕ್ಕಾಚಾರಗಳು ಬಳಕೆಯಲ್ಲಿವೆ.

ಎನ್‌ಸಿಇಆರ್‌ಟಿ ಪಠ್ಯವನ್ನು ಅನುಸರಿಸುವ ಕರ್ನಾಟಕದ ಪ್ರಥಮ ಪಿಯುಸಿ ರಸಾಯನಶಾಸ್ತ್ರದಲ್ಲೂ ಸೋಡಿಯಂ ಕ್ಲೋರೈಡಿನ ಚಕ್ರವಿದೆ. ಅಲ್ಲಿ ಉತ್ತರ +788 ಎಂದಿದೆ. ಚಿಹ್ನೆ ಧನವಾಗಿರುವುದು ಘನವನ್ನು ಒಡೆಯುವ ಕಡೆಯಿಂದ ವ್ಯಾಖ್ಯಾನಿಸಿದ್ದರಿಂದ. ಒಂದು ಕಿಲೋಜೂಲ್ ಹೆಚ್ಚಿರುವುದು ಮುಖ್ಯವಾಗಿ ಸೋಡಿಯಂನ ಉತ್ಪತನಕ್ಕೆ 108.4 ಎಂಬ ಬೆಲೆ ತೆಗೆದುಕೊಂಡದ್ದರಿಂದ. ಎರಡು ಪುಸ್ತಕಗಳ ಜಾಲಕ ಶಕ್ತಿಯನ್ನು ಹೋಲಿಸುವವರು ಮೊದಲು ವ್ಯಾಖ್ಯಾನದ ದಿಕ್ಕನ್ನೂ ಆಮೇಲೆ ಚಕ್ರಕ್ಕೆ ಹಾಕಿದ ಐದು ಅಂಕಿಗಳನ್ನೂ ನೋಡಿಕೊಳ್ಳಬೇಕು.